ಬಿಲ್‌ಗಿಂತ 9,440 ರೂಪಾಯಿ ಕಡಿಮೆ ಬಂತು: ಟಿಡಿಎಸ್ ಸರ್ಟಿಫಿಕೇಟ್ ಕೇಳಿ ಕ್ಲೈಂಟ್‌ಗೆ ಹೇಗೆ ಬರೆಯಲಿ?

ನಕ್ಷೆಗಾರ

ಆರ್ಕಿಟೆಕ್ಟ್ ಕೆಲಸ. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಗೋದಾಮಿಗೆ ನಕ್ಷೆ ಮಾಡಿಕೊಟ್ಟದ್ದಕ್ಕೆ ಬಿಲ್ ಹೀಗಿದೆ: ಶುಲ್ಕ 80,000, ಅದರ ಮೇಲೆ 18% ಜಿಎಸ್‌ಟಿ 14,400, ಒಟ್ಟು 94,400. ಬಿಲ್ ತಾರೀಖು 2025 ಜೂನ್ 26. ಆಗಸ್ಟ್ 22ಕ್ಕೆ ಬ್ಯಾಂಕಿಗೆ ಬಿದ್ದದ್ದು 84,960. ಹಣದ ಜೊತೆ ಯಾವ ವಿವರವೂ ಇಲ್ಲ. ನನ್ನ ಆದಾಯ ತೆರಿಗೆ ಲೆಕ್ಕಕ್ಕೆ ಮೊದಲೇ ಮುರಿದುಕೊಳ್ಳುವ ಟಿಡಿಎಸ್ ಹಿಡಿದಿರಬೇಕು ಅಂತ ಅಂದಾಜು. ಅವರಿಗೆ ಈ ಮೆಸೇಜ್ ಕಳಿಸಬೇಕು ಅಂದುಕೊಂಡಿದ್ದೇನೆ, ಸರಿ ಇದೆಯಾ ನೋಡಿ:

> ಸರ್, ನಮ್ಮ ಬಿಲ್‌ನಲ್ಲಿ 9,440 ರೂಪಾಯಿ ಕಡಿಮೆ ಬಂದಿದೆ. ಬಾಕಿ ಹಣ ಕೂಡಲೇ ಕಳಿಸಿ, ಇಲ್ಲವೇ ಟಿಡಿಎಸ್ ಸರ್ಟಿಫಿಕೇಟ್ ಕೊಡಿ.

ಬಾಕಿವಸೂಲಿ

ಇಷ್ಟು ಮೆತ್ತಗೆ ಬರೆದರೆ ಆಗಲ್ಲ ಸರ್. ಜಿಎಸ್‌ಟಿ ಮೇಲೂ 10% ಹಿಡಿದಿದ್ದಾರೆ ನೋಡಿ. 94,400ರ 10% ಅಂದರೆ ಸರಿಯಾಗಿ 9,440. ಅವರು ಹಿಡಿಯಬೇಕಿದ್ದದ್ದು 80,000ದ ಮೇಲೆ ಮಾತ್ರ, ಅಂದರೆ 8,000. ಮಿಕ್ಕ 1,440 ನಿಮ್ಮ ಹಣ, ಅದು ಹೋದ ಹಾಗೆಯೇ. ಜಿಎಸ್‌ಟಿ ಬಿಟ್ಟು ಟಿಡಿಎಸ್ ಹಿಡಿಯಬೇಕು ಅಂತ 2017ರಲ್ಲೇ ಕೇಂದ್ರ ನೇರ ತೆರಿಗೆ ಮಂಡಳಿ, ಅಂದರೆ ಸಿಬಿಡಿಟಿಯ ಸುತ್ತೋಲೆ ಬಂದಿದೆ, ಸಂಖ್ಯೆ 23. ಅದನ್ನು ಲಗತ್ತಿಸಿ 1,440 ವಾಪಸ್ ಕೇಳಿ. ಕೊಡದಿದ್ದರೆ ದಿನಕ್ಕೆ 500 ದಂಡ ಬೀಳುತ್ತೆ ಅಂತಲೂ ಬರೆಯಿರಿ.

ತುಂಗಾತೀರ

ಸರ್ಟಿಫಿಕೇಟ್ ಈಗಲೇ ಕೇಳಿ ಪ್ರಯೋಜನ ಇಲ್ಲ. ಆ ಸರ್ಟಿಫಿಕೇಟ್, ಅಂದರೆ ಫಾರ್ಮ್ 16ಎ, ತಿಂಗಳಿಗೊಮ್ಮೆ ಬರೋದಲ್ಲ, ಮೂರು ತಿಂಗಳಿಗೊಮ್ಮೆ. ನಿಮಗೆ ಹಣ ಬಂದದ್ದು ಆಗಸ್ಟ್‌ನಲ್ಲಿ, ಅಂದರೆ ಜುಲೈ–ಸೆಪ್ಟೆಂಬರ್ ತ್ರೈಮಾಸಿಕ. ಅದಕ್ಕೆ ಕಂಪನಿ ಹಾಕುವ 26ಕ್ಯೂ ಟಿಡಿಎಸ್ ರಿಟರ್ನ್‌ಗೆ ಅಕ್ಟೋಬರ್ 31 ಕೊನೆ ದಿನ, ಅಲ್ಲಿಂದ 15 ದಿನ ಅಂದರೆ ನವೆಂಬರ್ 15ರೊಳಗೆ ಸರ್ಟಿಫಿಕೇಟ್ ಕೊಡಬೇಕು. ಅಲ್ಲಿಯವರೆಗೆ ಸುಮ್ಮನಿರಿ.

ಕಿರ್ದಿಪುಸ್ತಕ

ತುಂಗಾತೀರ ಹೇಳಿದ ಲೆಕ್ಕ ಸರಿ, ಆದರೆ ಹಿಡಿದುಕೊಂಡ ತಾರೀಖು ತಪ್ಪು. ಕಂಪನಿಯವರು ಟಿಡಿಎಸ್ ಹಿಡಿಯಬೇಕಾದ್ದು ಹಣ ಕೊಡುವ ದಿನವೋ, ತಮ್ಮ ಪುಸ್ತಕದಲ್ಲಿ ಬಿಲ್ ಜಮಾ ಮಾಡಿಕೊಂಡ ದಿನವೋ, ಯಾವುದು ಮೊದಲೋ ಅವತ್ತು. ಜೂನ್ 26ರ ಬಿಲ್ಲನ್ನು ಜೂನ್ ಮುಗಿಯುವುದರೊಳಗೆ ಎಂಟ್ರಿ ಮಾಡಿದ್ದರೆ ಅದು ಏಪ್ರಿಲ್–ಜೂನ್ ತ್ರೈಮಾಸಿಕಕ್ಕೆ ಸೇರುತ್ತದೆ. ತೆರಿಗೆ ಜುಲೈ 7ರೊಳಗೆ ಕಟ್ಟಿರಬೇಕು, ರಿಟರ್ನ್ ಜುಲೈ 31ರೊಳಗೆ ಹಾಕಿರಬೇಕು, 16ಎ ನಿಮಗೆ ಆಗಸ್ಟ್ 15ಕ್ಕೇ ಬಂದಿರಬೇಕಿತ್ತು. ಹಾಗಾಗಿದ್ದರೆ ಹಣ ನಿಮ್ಮ ಕೈಗೆ ಬರುವ ಮೊದಲೇ ಸರ್ಟಿಫಿಕೇಟ್ ಬಾಕಿಯಾಗಿದೆ. ನವೆಂಬರ್‌ವರೆಗೆ ಕಾಯುವ ಮಾತೇ ಇಲ್ಲ.

ನಕ್ಷೆಗಾರರೇ, ಮೆಸೇಜ್ ಕಳಿಸುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಒಂದು, ನಿಮ್ಮ ಬಿಲ್‌ನಲ್ಲಿ 80,000 ಮತ್ತು 14,400 ಬೇರೆ ಬೇರೆ ಸಾಲಿನಲ್ಲಿ ಇವೆಯೋ, ಅಥವಾ "94,400, ಜಿಎಸ್‌ಟಿ ಸೇರಿ" ಅಂತ ಒಂದೇ ಸಾಲಿದೆಯೋ? ಬಾಕಿವಸೂಲಿಯವರು ಹೇಳಿದ ಸುತ್ತೋಲೆ ಅನ್ವಯಿಸುವುದು ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಮಾತ್ರ. ಒಂದೇ ಸಾಲಿನ ಬಿಲ್ ಕೊಟ್ಟಿದ್ದರೆ ಅವರ ಅಕೌಂಟೆಂಟ್ ಪೂರ್ತಿ ಮೊತ್ತದ ಮೇಲೆ ಹಿಡಿದದ್ದನ್ನು ತಪ್ಪು ಅನ್ನುವ ಹಾಗಿಲ್ಲ.

ಎರಡು, ನಿಮ್ಮ 26ಎಎಸ್, ಅಂದರೆ ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ e-File, ಅದರಲ್ಲಿ Income Tax Returns, ಅದರಲ್ಲಿ View Form 26AS ಒತ್ತಿ. ಅದು ಇಲಾಖೆಯ ಟಿಡಿಎಸ್ ಜಾಲತಾಣವಾದ TRACESಗೆ ಕರೆದೊಯ್ಯುತ್ತದೆ. ಅಲ್ಲಿ ವರ್ಷ ಆರಿಸುವಾಗ ಎಲ್ಲರೂ ಎಡವುತ್ತಾರೆ: 2025 ಜೂನ್‌ನ ಬಿಲ್‌ಗೆ Assessment Year 2026-27 ಆರಿಸಬೇಕು. ಕಂಪನಿಯ ಹೆಸರಿನ ಸಾಲು ಬಿಡಿಸಿದರೆ ಒಳಗೆ ಒಂದೊಂದೇ ಎಂಟ್ರಿ ಕಾಣುತ್ತದೆ. ಕಂಡದ್ದನ್ನು ಇಲ್ಲಿ ಹಾಕಿ.

ಜವಾರಿಲೆಕ್ಕ

ನಂದೂ ಇದ ಗೋಳು ನೋಡ್ರಿ. ಮೇ ತಿಂಗಳಾಗ 30,000 ಬಿಲ್ ಕೊಟ್ಟಿದ್ದೆ, ಪೂರ್ತಿ ರೊಕ್ಕ ಬಂತು. ಈಗ 35,000 ಬಿಲ್ಲಿಗೆ 28,500 ಅಷ್ಟ ಹಾಕ್ಯಾರ. 35,000ಕ್ಕ 10 ಪರ್ಸೆಂಟ್ ಅಂದ್ರ 3,500 ಆಗಬೇಕಲ್ಲ, 6,500 ಯಾಕ ಹಿಡದ್ರು? ನಂಗ ಜಿಎಸ್‌ಟಿ ನೋಂದಣಿ ಇಲ್ಲ. ನಾನೂ ಹೆಚ್ಚುವರಿ ವಾಪಸ್ ಕೇಳ್ಲೇನ್ರಿ?

ಕಿರ್ದಿಪುಸ್ತಕ

ಕೇಳಬೇಡಿ ಅಣ್ಣ, ಅವರು ಸರಿಯಾಗೇ ಹಿಡಿದಿದ್ದಾರೆ. ವೃತ್ತಿ ಶುಲ್ಕದ ಟಿಡಿಎಸ್‌ಗೆ ಇರುವ 194ಜೆ ಸೆಕ್ಷನ್‌ನ ಮಿತಿ 2025 ಏಪ್ರಿಲ್ 1ರಿಂದ ವರ್ಷಕ್ಕೆ 50,000 ಆಗಿದೆ, ಅದಕ್ಕೂ ಮೊದಲು 30,000 ಇತ್ತು. ಮೇ ಬಿಲ್ ಮಿತಿಯೊಳಗೆ ಇತ್ತು, ಹಿಡಿಯಲಿಲ್ಲ. ಎರಡನೇ ಬಿಲ್ ಸೇರಿ 65,000 ಆಯಿತು, ಮಿತಿ ದಾಟಿತು. ದಾಟಿದ ಮೇಲೆ ಮೊದಲ ರೂಪಾಯಿಯಿಂದಲೇ ಲೆಕ್ಕ: 65,000ದ 10% ಅಂದರೆ 6,500. 15,000ದ ಮೇಲೆ ಮಾತ್ರ ಅಂತಲ್ಲ.

ನಿಮ್ಮ ಮೆಸೇಜ್‌ನಲ್ಲಿ ಎರಡೂ ಬಿಲ್ ನಂಬರ್ ಬರೆದು "ಈ 6,500 ಎರಡೂ ಬಿಲ್ ಸೇರಿಸಿ ಹಿಡಿದ ಟಿಡಿಎಸ್ ಎಂದು ದೃಢೀಕರಿಸಿ" ಅನ್ನಿ. ಇಲ್ಲದಿದ್ದರೆ ನಾಳೆ 16ಎ ಬಂದಾಗ ಮೊತ್ತ ಒಂದು ಬಿಲ್‌ಗೂ ಹೊಂದುವುದಿಲ್ಲ, ಮತ್ತೆ ತಲೆ ಕೆರೆದುಕೊಳ್ಳುತ್ತೀರಿ.

ನಕ್ಷೆಗಾರ

ಬಿಲ್‌ನಲ್ಲಿ ಜಿಎಸ್‌ಟಿ ಬೇರೆ ಸಾಲಿನಲ್ಲೇ ಇದೆ. 26ಎಎಸ್‌ನಲ್ಲಿ ಮೊದಲು 2025-26 ಆರಿಸಿ ಏನೂ ಇಲ್ಲ ಅಂತ ಗಾಬರಿಯಾದೆ, ಆಮೇಲೆ 2026-27 ಹಾಕಿದೆ. ಕಂಪನಿಯ ಹೆಸರಿನ ಕೆಳಗೆ ಒಂದೇ ಸಾಲು:

```
Section            194JB
Transaction Date   30-Jun-2025
Status of Booking  F
Amount Paid        94400.00
Tax Deducted       9440.00
TDS Deposited      9440.00
```

ಇದರರ್ಥ ಕಟ್ಟಿದ್ದಾರೆ ಅಂತ ತಾನೇ? ಹಾಗಾದರೆ 1,440 ಹೋಗಿಲ್ಲವೇ?

ಕಿರ್ದಿಪುಸ್ತಕ

ಹೋಗಿಲ್ಲ. Status of Booking ಕಾಲಮ್‌ನಲ್ಲಿ F ಇದೆ, ಅಂದರೆ ಅವರು ಕಟ್ಟಿದ ಚಲನ್ ಮತ್ತು ರಿಟರ್ನ್ ಎರಡೂ ತಾಳೆಯಾಗಿ ಪೂರ್ತಿ 9,440 ನಿಮ್ಮ ಪ್ಯಾನ್‌ಗೆ ಜಮೆಯಾಗಿದೆ. ಅಲ್ಲಿ U ಇದ್ದಿದ್ದರೆ ಚಲನ್ ತಾಳೆಯಾಗಿಲ್ಲ ಎಂದು ಅರ್ಥ, ಆಗ ಮೆಸೇಜ್‌ನ ಧಾಟಿಯೇ ಬೇರೆ ಆಗುತ್ತಿತ್ತು. ತಾರೀಖು ನೋಡಿ, ಜೂನ್ 30. ತಿಂಗಳ ಕೊನೆಗೆ ಬಿಲ್ ಎಂಟ್ರಿ ಮಾಡಿದ್ದಾರೆ. ನಿಮ್ಮದು ಮೊದಲ ತ್ರೈಮಾಸಿಕ.

ಹೆಚ್ಚಾಗಿ ಹಿಡಿದ 1,440ರ ಕಥೆ ಯಾವ ಹಂತದಲ್ಲಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಜುಲೈ 7ರ ಮೊದಲೇ ಗೊತ್ತಾಗಿದ್ದರೆ ಅವರು 8,000 ಕಟ್ಟಿ 1,440 ನಿಮಗೆ ಕಳಿಸಿಬಿಡಬಹುದಿತ್ತು, ಒಂದು ಫೋನ್ ಸಾಕಿತ್ತು. ಕಟ್ಟಿದ ಮೇಲೆ, ಆದರೆ 26ಕ್ಯೂ ಹಾಕುವ ಮೊದಲು ಗೊತ್ತಾಗಿದ್ದರೂ ಚಲನ್‌ನಲ್ಲಿ ಉಳಿದ 1,440ನ್ನು ಬೇರೆ ಯಾರದೋ ಟಿಡಿಎಸ್‌ಗೆ ಹೊಂದಿಸಿಕೊಂಡು ನಿಮಗೆ ಕೊಡಬಹುದಿತ್ತು. ಈಗ ರಿಟರ್ನ್ ಹೋಗಿ ನಿಮ್ಮ ಹೆಸರಿಗೆ ಬಿದ್ದಾಗಿದೆ. ಈಗ ಅವರಿಂದ 1,440 ನಗದಾಗಿ ತೆಗೆದುಕೊಂಡು, ಇತ್ತ ರಿಟರ್ನ್‌ನಲ್ಲಿ 9,440 ಕ್ರೆಡಿಟ್ ಕೂಡ ತೆಗೆದುಕೊಂಡರೆ ಅದೇ ಹಣ ಎರಡು ಸಲ ಆಯಿತು.

ಬಾಕಿವಸೂಲಿ

ಹೋಯಿತು ಅಂದದ್ದು ತಪ್ಪಾಯಿತು, ಒಪ್ಪಿಕೊಂಡೆ. ಆದರೆ ಆ 1,440 ಈಗ ಮುಂದಿನ ವರ್ಷದ ರಿಟರ್ನ್‌ವರೆಗೆ ಸರ್ಕಾರದ ಹತ್ತಿರ ಕೂತಿರುತ್ತೆ. ಜಿಎಸ್‌ಟಿ 14,400 ಅಂತೂ ಇವರು ಕೈಯಿಂದ ಪೂರ್ತಿ ಕಟ್ಟಬೇಕು, ಟಿಡಿಎಸ್ ಹಿಡಿದರು ಅಂತ ಅದರಲ್ಲಿ ಒಂದು ಪೈಸೆ ಕಡಿಮೆ ಆಗಲ್ಲ. ಜೊತೆಗೆ 26ಎಎಸ್‌ನಲ್ಲಿ ಆದಾಯ 94,400 ಅಂತ ಕೂತಿದೆ, ನಿಜವಾದ ಆದಾಯ 80,000. 26ಕ್ಯೂಗೆ ತಿದ್ದುಪಡಿ ಹಾಕಿ ಅಂತ ಕಂಪನಿಯವರನ್ನು ಯಾಕೆ ಕೇಳಬಾರದು?

ಕಿರ್ದಿಪುಸ್ತಕ

ಕೇಳಬಹುದು. ನನ್ನ ಲೆಕ್ಕದಲ್ಲಿ 1,440ಕ್ಕೆ ಅದು ಬೇಡ. ತಿದ್ದುಪಡಿ ಅರ್ಧಕ್ಕೆ ನಿಂತರೆ ಇರುವ F ಸಾಲೂ ಗೊಂದಲಕ್ಕೆ ಬೀಳುತ್ತದೆ. 14,400ರ ವ್ಯತ್ಯಾಸ ಮಾತ್ರ ನಿಜವಾದ ತೊಡಕು: 26ಎಎಸ್‌ನಲ್ಲಿ ಇರುವುದಕ್ಕಿಂತ ಕಡಿಮೆ ಸ್ವೀಕೃತಿ ತೋರಿಸಿ ಪೂರ್ತಿ ಟಿಡಿಎಸ್ ಕೇಳಿದರೆ, ರಿಟರ್ನ್ ದೋಷಪೂರಿತ ಎಂದು 139(9) ನೋಟಿಸ್ ಬರುವುದುಂಟು. ಬಂದರೆ ಬಿಲ್ ಹಾಗೂ ಜಿಎಸ್‌ಟಿ ರಿಟರ್ನ್ ಇಟ್ಟುಕೊಂಡು ವ್ಯತ್ಯಾಸ ಜಿಎಸ್‌ಟಿಯದ್ದು ಎಂದು ಉತ್ತರ ಕೊಡಬೇಕು. ದೊಡ್ಡ ಮೊತ್ತವಾಗಿದ್ದರೆ ನಾನೂ ತಿದ್ದುಪಡಿ ಕೇಳಿ ಅನ್ನುತ್ತಿದ್ದೆ.

ಬಾಕಿವಸೂಲಿ

ನೋಟಿಸ್‌ಗೆ ಉತ್ತರ ಬರೆಯೋದು ನಕ್ಷೆಗಾರರು, ತಪ್ಪು ಮಾಡಿದ್ದು ಅವರು. ನಾನಾಗಿದ್ದರೆ ಕೇಳುತ್ತಿದ್ದೆ.

ತುಂಗಾತೀರ

ಇನ್ನೊಂದು ಸಂಶಯ. 26ಎಎಸ್‌ನಲ್ಲಿ F ಬಂದ ಮೇಲೆ ಸರ್ಟಿಫಿಕೇಟ್ ಯಾಕೆ ಬೇಕು? ರಿಟರ್ನ್‌ಗೆ ಏನನ್ನೂ ಲಗತ್ತಿಸೋ ಹಾಗಿಲ್ಲವಲ್ಲ.

ಕಿರ್ದಿಪುಸ್ತಕ

ಕ್ರೆಡಿಟ್ ಪಡೆಯಲು ಅದು ಬೇಕಿಲ್ಲ, ಅದು ನಿಜ. ಬೇಕಾಗುವುದು ಯಾಕೆಂದರೆ 26ಎಎಸ್ ಇವತ್ತಿನ ಸ್ಥಿತಿ ತೋರಿಸುತ್ತದೆ. ಅವರು ನಾಳೆ ತಿದ್ದುಪಡಿ ಹಾಕಿ ಪ್ಯಾನ್ ಅಥವಾ ಮೊತ್ತ ಬದಲಿಸಿದರೆ ನಿಮ್ಮ ಸಾಲೂ ಬದಲಾಗುತ್ತದೆ. 16ಎ ಕೈಯಲ್ಲಿದ್ದರೆ ಇಂಥ ಚಲನ್‌ನಲ್ಲಿ ಇಷ್ಟು ಕಟ್ಟಿದ್ದರು ಎಂದು ತೋರಿಸಲು ಕಾಗದ ಇರುತ್ತದೆ. ಬ್ಯಾಂಕ್ ಸಾಲಕ್ಕೆ ಹೋದಾಗಲೂ ಕೇಳುತ್ತಾರೆ. ಕೊಡುವುದು ಅವರ ಉಪಕಾರವೂ ಅಲ್ಲ, 203ನೇ ಸೆಕ್ಷನ್ ಪ್ರಕಾರ ಕೊಡಲೇಬೇಕು.

ಈಗ ಮೆಸೇಜ್‌ಗೆ ಬರೋಣ. ನಕ್ಷೆಗಾರರ ಕರಡಿನಲ್ಲಿ "ಬಾಕಿ ಹಣ ಕಳಿಸಿ, ಇಲ್ಲವೇ ಸರ್ಟಿಫಿಕೇಟ್ ಕೊಡಿ" ಅಂದದ್ದೇ ಎಡವಟ್ಟು. ಬಾಕಿ ಇದೆ ಅಂತ ನೀವೇ ಬರೆದುಕೊಟ್ಟ ಹಾಗಾಯಿತು, ಅವರ ಅಕೌಂಟೆಂಟ್ ಓದಿ "ಬಾಕಿ ಏನೂ ಇಲ್ಲ" ಅಂತ ಒಂದು ಸಾಲು ಬರೆದು ಮುಗಿಸುತ್ತಾನೆ. ನಾನು ಬರೆದರೆ ಹೀಗೆ:

> ವಿಷಯ: ಬಿಲ್ ಸಂಖ್ಯೆ __, ದಿ. 26-06-2025 – ಏಪ್ರಿಲ್–ಜೂನ್ 2025ರ ಫಾರ್ಮ್ 16ಎ ಕೋರಿ
>
> ಮಾನ್ಯರೇ,
>
> ಮೇಲ್ಕಂಡ 94,400 ರೂಪಾಯಿಗಳ ಬಿಲ್‌ಗೆ (ಶುಲ್ಕ 80,000, ಜಿಎಸ್‌ಟಿ 14,400) ದಿ. 22-08-2025ರಂದು 84,960 ರೂಪಾಯಿ ನಮ್ಮ ಖಾತೆಗೆ ಬಂದಿದೆ. ಧನ್ಯವಾದ. ವ್ಯತ್ಯಾಸದ 9,440 ರೂಪಾಯಿ 194ಜೆ ಅಡಿ ಹಿಡಿದ ಟಿಡಿಎಸ್ ಎಂದೂ, ಈ ಬಿಲ್‌ಗೆ ಬೇರೆ ಯಾವ ಕಡಿತವೂ ಇಲ್ಲವೆಂದೂ ದಯವಿಟ್ಟು ಒಂದು ಸಾಲಿನಲ್ಲಿ ದೃಢೀಕರಿಸಿ.
>
> ನಮ್ಮ 26ಎಎಸ್‌ನಲ್ಲಿ ಈ ಮೊತ್ತ 30-06-2025ರ ತಾರೀಖಿಗೆ ಕಾಣುತ್ತಿದೆ. ಆದ್ದರಿಂದ ಮೊದಲ ತ್ರೈಮಾಸಿಕದ ಫಾರ್ಮ್ 16ಎ ಅನ್ನು TRACESನಿಂದ ಡೌನ್‌ಲೋಡ್ ಮಾಡಿ ಈ ಇಮೇಲ್‌ಗೆ ಕಳಿಸಿಕೊಡಿ. ನಮ್ಮ ಪ್ಯಾನ್ ಬಿಲ್‌ನಲ್ಲಿದೆ.
>
> ಒಂದು ವಿನಂತಿ: ನಮ್ಮ ಬಿಲ್‌ನಲ್ಲಿ ಜಿಎಸ್‌ಟಿ ಪ್ರತ್ಯೇಕವಾಗಿ ತೋರಿಸಿರುವುದರಿಂದ ಮುಂದಿನ ಬಿಲ್‌ಗಳಿಗೆ ಶುಲ್ಕದ ಮೇಲೆ ಮಾತ್ರ ಟಿಡಿಎಸ್ ಹಿಡಿಯಿರಿ (ಸಿಬಿಡಿಟಿ ಸುತ್ತೋಲೆ 23/2017).

ಇದರಲ್ಲಿ ಮುಖ್ಯವಾದದ್ದು ಸರ್ಟಿಫಿಕೇಟ್ ಅಲ್ಲ, "ಬೇರೆ ಯಾವ ಕಡಿತವೂ ಇಲ್ಲ" ಅನ್ನುವ ದೃಢೀಕರಣ. ಕಡಿಮೆ ಬಂದದ್ದೆಲ್ಲ ಟಿಡಿಎಸ್ ಆಗಿರಲೇಬೇಕು ಅಂತ ಇಲ್ಲ. ಕೆಲವರು ಕೆಲಸದಲ್ಲಿ ಕೊರತೆ ಅಂತ ಹಿಡಿಯುತ್ತಾರೆ, ಕೆಲವರು ಠೇವಣಿ ಅಂತ ಇಟ್ಟುಕೊಳ್ಳುತ್ತಾರೆ. ಲಿಖಿತವಾಗಿ ಬಂದರೆ ನಿಮ್ಮ ಪುಸ್ತಕದಲ್ಲಿ 9,440ನ್ನು ಟಿಡಿಎಸ್ ಬರಬೇಕಾದದ್ದು ಎಂದು ಬರೆದು ಪಾರ್ಟಿ ಖಾತೆ ಸೊನ್ನೆ ಮಾಡಬಹುದು. ಆದಾಯ ಮಾತ್ರ 80,000ವೇ. ಕೈಗೆ ಬಂದ ಮೊತ್ತ ನೋಡಿ ಆದಾಯ ಕಡಿಮೆ ಬರೆಯುವುದು, ವ್ಯತ್ಯಾಸಕ್ಕೆ ಕ್ರೆಡಿಟ್ ನೋಟ್ ಕೊಟ್ಟುಬಿಡುವುದು, ಎರಡೂ ತಪ್ಪು.

ಬಾಕಿವಸೂಲಿ

ದಿನಕ್ಕೆ 500 ದಂಡದ ಸಾಲು ಬಿಟ್ಟಿದ್ದೀರಿ.

ಕಿರ್ದಿಪುಸ್ತಕ

ಬೇಕಂತಲೇ ಬಿಟ್ಟೆ. 272ಎ(2) ದಂಡ ದಿನಕ್ಕೆ 500 ಅನ್ನುವುದು ನಿಜ, ಆದರೆ ಒಟ್ಟು ದಂಡ ಹಿಡಿದ ತೆರಿಗೆಯನ್ನು ಮೀರುವಂತಿಲ್ಲ. ಇಲ್ಲಿ ಅಬ್ಬಬ್ಬಾ ಅಂದರೆ 9,440. ಅದನ್ನು ಹಾಕುವುದು ಇಲಾಖೆ, ಹಣ ಹೋಗುವುದೂ ಇಲಾಖೆಗೆ. ನಿಮಗೆ ಬರುವುದೇನೂ ಇಲ್ಲ. ಮೊದಲ ಪತ್ರದಲ್ಲೇ ದಂಡ ಅಂದರೆ ಮುಂದಿನ ಕೆಲಸ ಹೋಗುತ್ತದೆ. ಎರಡು ಸಲ ನೆನಪಿಸಿದರೂ ಉತ್ತರ ಇಲ್ಲದಿದ್ದರೆ ಮೂರನೆಯದರಲ್ಲಿ ಸೆಕ್ಷನ್ ಸಂಖ್ಯೆ ಹಾಕಿ, ಸಾಕು.

ಮಾತುಗಾರ್ತಿ

ನನ್ನದು ಅನುವಾದದ ಕೆಲಸ. ಒಬ್ಬ ಕ್ಲೈಂಟ್ 194ಜೆ ಅಂತ 10% ಹಿಡಿದರೆ, ಇನ್ನೊಬ್ಬರು ಗುತ್ತಿಗೆ ಕೆಲಸದ 194ಸಿ ಅಂತ 1% ಹಿಡಿಯುತ್ತಾರೆ. ಯಾವುದು ಸರಿ ಅಂತ ಮೆಸೇಜ್‌ನಲ್ಲಿ ಬರೆಯಲಿ? ಇನ್ನೊಂದು, ಒಂದು ಸಂಸ್ಥೆ 2024ರ ನವೆಂಬರ್‌ನಲ್ಲೇ 6,000 ಹಿಡಿದಿದೆ, 26ಎಎಸ್‌ನಲ್ಲಿ ಇವತ್ತಿಗೂ ಸಾಲೇ ಇಲ್ಲ. ಕೇಳಿದಾಗಲೆಲ್ಲ "ಕಟ್ಟಿದ್ದೇವೆ ಮೇಡಂ" ಅನ್ನುತ್ತಾರೆ.

ಕಿರ್ದಿಪುಸ್ತಕ

ಎರಡನೆಯದು ಮೊದಲು, ಅದೇ ಗಂಭೀರ. ನವೆಂಬರ್‌ದು ಮೂರನೇ ತ್ರೈಮಾಸಿಕ, 26ಕ್ಯೂ 2025 ಜನವರಿ 31ಕ್ಕೆ ಹೋಗಿರಬೇಕಿತ್ತು. ಈಗಲೂ ಸಾಲಿಲ್ಲ ಅಂದರೆ ಮೂರರಲ್ಲೊಂದು: ಕಟ್ಟಿಲ್ಲ, ಕಟ್ಟಿದರೂ ರಿಟರ್ನ್ ಹಾಕಿಲ್ಲ, ಅಥವಾ ನಿಮ್ಮ ಪ್ಯಾನ್ ತಪ್ಪಾಗಿ ಹೊಡೆದಿದ್ದಾರೆ. ಪ್ಯಾನ್ ತಪ್ಪಾದರೆ ಹಣ ಇನ್ನೊಬ್ಬರ 26ಎಎಸ್‌ನಲ್ಲಿ ಕೂತಿರುತ್ತದೆ, ಅವರಿಗೂ ಅರ್ಥ ಆಗಿರುವುದಿಲ್ಲ. "ಕಟ್ಟಿದ್ದೇವೆ" ಅನ್ನುವ ಮಾತು ಯಾವುದಕ್ಕೂ ಸಾಲದು. ಮೂರನ್ನೂ ಬೇರೆ ಬೇರೆಯಾಗಿ ಕೇಳಿ:

> ದಯವಿಟ್ಟು ಈ ಮೂರು ತಿಳಿಸಿ: ಚಲನ್‌ನ ಬಿಎಸ್ಆರ್ ಕೋಡ್, ತಾರೀಖು ಮತ್ತು ಕ್ರಮ ಸಂಖ್ಯೆ, ಅಕ್ಟೋಬರ್–ಡಿಸೆಂಬರ್ 2024ರ 26ಕ್ಯೂ ಸಲ್ಲಿಸಿದ ತಾರೀಖು, ಅದರಲ್ಲಿ ನನ್ನ ಹೆಸರಿನ ಮುಂದೆ ನಮೂದಿಸಿರುವ ಪ್ಯಾನ್.

ಯಾವುದಕ್ಕೆ ಉತ್ತರ ಬರುವುದಿಲ್ಲವೋ ತಪ್ಪು ಅಲ್ಲೇ ಇದೆ. ಅವರು ಹಿಡಿದು ಕಟ್ಟದಿದ್ದರೂ ಆ ತೆರಿಗೆಯನ್ನು ಮತ್ತೆ ನಿಮ್ಮಿಂದ ವಸೂಲಿ ಮಾಡುವಂತಿಲ್ಲ, 205ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆದರೆ ರಿಟರ್ನ್ ನೋಡುವ ಕಂಪ್ಯೂಟರ್‌ಗೆ 26ಎಎಸ್ ಮಾತ್ರ ಗೊತ್ತು, ಡಿಮ್ಯಾಂಡ್ ನೋಟಿಸ್ ಬರಬಹುದು. ಅವತ್ತು ನಿಮ್ಮ ಕೈಯಲ್ಲಿ ಇರಬೇಕಾದ್ದು ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತು "6,000 ಟಿಡಿಎಸ್ ಹಿಡಿದಿದ್ದೇವೆ" ಅಂತ ಅವರೇ ಬರೆದ ಇಮೇಲ್. ಫೋನ್‌ನಲ್ಲಿ ಕೇಳುವುದನ್ನು ಇವತ್ತಿಗೇ ನಿಲ್ಲಿಸಿ ಮೇಡಂ.

ಅನುವಾದ 194ಜೆಯೋ 194ಸಿಯೋ ಅನ್ನುವುದಕ್ಕೆ ನನ್ನ ಹತ್ತಿರ ಒಂದೇ ಮಾತಿನ ಉತ್ತರ ಇಲ್ಲ. ಕಾನೂನು ಹೆಸರಿಸಿರುವ ವೃತ್ತಿಗಳಲ್ಲಿ ವಕೀಲಿ, ವೈದ್ಯಕೀಯ, ಆರ್ಕಿಟೆಕ್ಚರ್, ಒಳಾಂಗಣ ಅಲಂಕಾರ ಎಲ್ಲ ಇವೆ, ಅನುವಾದ ಅಂತ ಬಿಡಿಸಿ ಬರೆದಿಲ್ಲ.

ತುಂಗಾತೀರ

ಹೆಚ್ಚಿನ ಕಂಪನಿಗಳು ಸುರಕ್ಷಿತ ಅಂತ 10% ಹಿಡಿಯುತ್ತವೆ. ಕಡಿಮೆ ಹಿಡಿದು ಸಿಕ್ಕಿಬಿದ್ದರೆ ಬಡ್ಡಿ ಅವರ ತಲೆಗೆ. ಮೇಡಂ ಅದನ್ನು ತಿದ್ದೋಕೆ ಹೋಗೋದು ಬೇಡ ಅನ್ನಿಸುತ್ತೆ, ಎಷ್ಟು ಹಿಡಿದರೋ ಅಷ್ಟು ಕ್ರೆಡಿಟ್ ಬಂದರೆ ಸಾಕು.

ಮಾತುಗಾರ್ತಿ

ಬಂದರೆ ಸಾಕು ಸರಿ, ಆದರೆ ನನ್ನ ಒಟ್ಟು ಆದಾಯಕ್ಕೆ ತೆರಿಗೆಯೇ ಬರಲ್ಲ. ವರ್ಷವಿಡೀ 10% ಅಲ್ಲಿ ಕೂತಿರುತ್ತೆ.

ನಕ್ಷೆಗಾರ

ಕಿರ್ದಿಪುಸ್ತಕದವರ ಕರಡನ್ನೇ ಕಳಿಸಿದೆ. ಮೂರನೇ ದಿನಕ್ಕೆ ದೃಢೀಕರಣ ಬಂತು, ಜೊತೆಗೆ ಲೆಟರ್‌ಹೆಡ್ ಮೇಲೆ ವರ್ಡ್‌ನಲ್ಲಿ ಟೈಪ್ ಮಾಡಿ ಸೀಲ್ ಒತ್ತಿದ "ಫಾರ್ಮ್ 16ಎ" ಕೂಡ. ಇದು ನಡೆಯುತ್ತಾ?

ಕಿರ್ದಿಪುಸ್ತಕ

ನಡೆಯಲ್ಲ. 2012ರಿಂದಲೇ 16ಎ ಅನ್ನು ಇಲಾಖೆಯ ವ್ಯವಸ್ಥೆಯಿಂದಲೇ ಇಳಿಸಿಕೊಡಬೇಕು. ಅಸಲಿಯಲ್ಲಿ ಮೇಲ್ಗಡೆ ಸರ್ಟಿಫಿಕೇಟ್ ಸಂಖ್ಯೆ, TRACES ಗುರುತು ಇರುತ್ತದೆ. ಬೈಯಬೇಡಿ, "ದೃಢೀಕರಣಕ್ಕೆ ಧನ್ಯವಾದ, TRACESನಿಂದ ಇಳಿಸಿದ ಪ್ರತಿ ಕಳಿಸಿ" ಅಂತ ಅದೇ ಇಮೇಲ್‌ಗೆ ಉತ್ತರಿಸಿ. ಬಂದಾಗ ನಿಮ್ಮ ಪ್ಯಾನ್, ಟಿಡಿಎಸ್ ಹಿಡಿಯುವವರ ಸಂಖ್ಯೆಯಾದ ಅವರ ಟ್ಯಾನ್, ಅವಧಿ 01-Apr-2025ರಿಂದ 30-Jun-2025, ಮೊತ್ತ 9,440 ಇವಿಷ್ಟನ್ನೂ 26ಎಎಸ್ ಪಕ್ಕದಲ್ಲಿಟ್ಟು ನೋಡಿ. ವರ್ಡ್‌ನಲ್ಲಿ ಬಂದದ್ದನ್ನೂ ಎಸೆಯಬೇಡಿ, ಟಿಡಿಎಸ್ ಹಿಡಿದಿದ್ದೇವೆ ಅಂತ ಅವರೇ ಸಹಿ ಹಾಕಿದ ಕಾಗದ ಅದು.

ಜವಾರಿಲೆಕ್ಕ

ನಂಗ ಬಂದಿದ್ದೂ ವರ್ಡ್‌ನಾಗ ಐತ್ರಿ. ಅದ್ರಾಗ ಪ್ಯಾನ್ ನಂದಲ್ಲ, ಒಂದು ಅಕ್ಷರ ಬ್ಯಾರೆ ಐತಿ. ಈಗ ನೋಡ್ತೀನಿ 26ಎಎಸ್.